ಜಿರಳೆಯ ಜಿಡ್ಡು: ಇಲ್ಲಿಯವರೆಗೆ ಕಂಡದ್ದು

ಜಿರಳೆಯ ಮೈಯಿಂದ ನೀರು ಹೇಗೆ ಆರುತ್ತದೆ, ಹುಳ ಕೊಲ್ಲುವ ಔಷಧ ಹೇಗೆ ಒಳಗಿಳಿಯುತ್ತದೆ ಅಂತ ಮನೆಯಲ್ಲೇ ನೋಡುವ ಕೆಲಸ ಒಂದು ಹಂತಕ್ಕೆ ಬಂದಿದೆ. ಸಾಕುತ್ತಿರುವುದು ನಮ್ಮ ಚರಂಡಿಗಳಲ್ಲಿ ಕಾಣುವ ದೊಡ್ಡ ಕೆಂಪು ಜಿರಳೆ. ಒಂದೊಂದು ಸುಮಾರು ಒಂದು ಗ್ರಾಂ ತೂಗುತ್ತದೆ, ಹಾಗಾಗಿ ಚಿನ್ನ ತೂಗುವ ಮಿಲಿಗ್ರಾಂ ತಕ್ಕಡಿಯೇ ಸಾಕು.

ಮೊದಲು ಬಿಳಿ ಜಿರಳೆಯ ವಿಷಯ. ಆಗಷ್ಟೇ ಪೊರೆ ಕಳಚಿದ್ದು ಪೂರ್ತಿ ಬೆಳ್ಳಗಿರುತ್ತದೆ, ಕಣ್ಣು ಮಾತ್ರ ಕಪ್ಪು. ಮುಟ್ಟಿದರೆ ಮೆತ್ತಗೆ. ಕೆಲವೇ ಗಂಟೆಗಳಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಇದನ್ನು ಗಟ್ಟಿ ಮಾಡುವುದು ಹುಳದ ಚಿಪ್ಪಿನಲ್ಲಿರುವ ಕೈಟಿನ್ ಅನ್ನುವ ನಾರಿನಂಥ ವಸ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಆದರೆ ಅದಲ್ಲ. ಕೈಟಿನ್ ಎಳೆಗಳು ಪ್ಲೈವುಡ್‌ನ ಪದರಗಳ ಹಾಗೆ ದಿಕ್ಕು ಬದಲಿಸುತ್ತಾ ಒಂದರ ಮೇಲೊಂದು ಕೂತಿರುತ್ತವೆ, ಅವುಗಳ ನಡುವೆ ಪ್ರೋಟೀನ್ ತುಂಬಿರುತ್ತದೆ. ಪೊರೆ ಕಳಚಿದ ಮೇಲೆ ಬರ್ಸಿಕಾನ್ ಅನ್ನುವ ಹಾರ್ಮೋನು ಸಂಕೇತ ಕೊಡುತ್ತದೆ. ಆಗ ಡೋಪಮೈನ್‌ನಿಂದ ತಯಾರಾದ ವಸ್ತುಗಳು ಆಮ್ಲಜನಕದ ಜೊತೆ ಸೇರಿ ಕ್ವಿನೋನ್ ಅನ್ನುವ ರಾಸಾಯನಿಕಗಳಾಗಿ, ಆ ಪ್ರೋಟೀನ್‌ಗಳನ್ನು ಒಂದಕ್ಕೊಂದು ಹೊಲಿದು ಬಿಡುತ್ತವೆ. ಗಟ್ಟಿಯಾಗುವುದು, ಬಣ್ಣ ಬರುವುದು ಎರಡೂ ಇದರಿಂದಲೇ.

ಆದರೆ ಗಟ್ಟಿಯಾಗುವುದಕ್ಕೂ ನೀರು ತಡೆಯುವುದಕ್ಕೂ ಅಷ್ಟು ನೇರ ಸಂಬಂಧವಿಲ್ಲ. ಬಿಳಿ ಜಿರಳೆಯ ಬೆನ್ನ ಮೇಲೆ ಸಿರಿಂಜ್ ತುದಿಯಿಂದ ಒಂದು ಹನಿ ನೀರು ಇಟ್ಟೆ. ಅಷ್ಟು ಮೆತ್ತಗಿದ್ದರೂ ಹನಿ ಹರಡಲಿಲ್ಲ, ದುಂಡಗೇ ನಿಂತಿತು. ಎಲ್ಲಕ್ಕಿಂತ ಹೊರಗಿನ ತೆಳು ಜಿಡ್ಡಿನ ಪದರ ಆಗಲೇ ಸಿದ್ಧವಾಗಿತ್ತು.

ಇಲ್ಲೇ ನನಗೆ ತುಂಬಾ ಹಿಡಿಸಿದ ಸಂಗತಿ ಇದೆ. ಕಂದು ಜಿರಳೆಯ ಬೆನ್ನ ಮೇಲೆ ಒಂದು ಹನಿ, ಪಕ್ಕದ ಗಾಜಿನ ಮೇಲೆ ಅಷ್ಟೇ ಗಾತ್ರದ ಇನ್ನೊಂದು ಹನಿ. ಗಾಜಿನದು ಆರಿಹೋಯಿತು, ಬೆನ್ನ ಮೇಲಿನದು ಹಾಗೇ ಉಳಿಯಿತು. ಲೆನ್ಸ್‌ನಲ್ಲಿ ನೋಡಿದರೆ ಹನಿಯ ಹೊಳಪು ಮಂದವಾಗಿತ್ತು. ಜಿರಳೆಯ ಜಿಡ್ಡು ಗಟ್ಟಿ ಮೇಣವಲ್ಲ, ಹರಿಯುವಂಥದ್ದು. ಅದು ಹನಿಯ ಮೇಲೂ ಹತ್ತಿ ಪೊರೆ ಕಟ್ಟುತ್ತದೆ, ಆಮೇಲೆ ನೀರು ಸುಲಭಕ್ಕೆ ಆವಿಯಾಗುವುದಿಲ್ಲ. ರ್‍ಯಾಮ್ಸೆ ಎಂಬ ವಿಜ್ಞಾನಿ 1935ರಲ್ಲೇ ಇದನ್ನು ಬರೆದಿದ್ದರು. ಸುಮಾರು 30 ಡಿಗ್ರಿ ದಾಟಿದರೆ ನೀರಿನ ನಷ್ಟ ಥಟ್ಟನೆ ಏರುವುದನ್ನೂ ಅವರೇ ತೋರಿಸಿದ್ದು. ಜಿಡ್ಡಿನ ಅಣುಗಳ ಒತ್ತಾದ ಜೋಡಣೆ ಬಿಸಿಗೆ ಸಡಿಲವಾಗುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ.

ಮುಂದಿನದು ತೂಕದ ಲೆಕ್ಕ. ಎರಡು ಜಿರಳೆಗಳನ್ನು ಫ್ರೀಜರ್‌ನಲ್ಲಿಟ್ಟು ಸಾಯಿಸಿದೆ. ಮೈ ಮೇಲೆ ಕೂತ ತೇವ ಹೋಗಿ ಕೋಣೆಯ ಬಿಸಿಗೆ ಬರುವ ತನಕ ಬಿಟ್ಟೆ, ಇಲ್ಲದಿದ್ದರೆ ತಕ್ಕಡಿ ಸುಳ್ಳು ಹೇಳುತ್ತದೆ. ಒಂದಕ್ಕೆ ಡಯಾಟಮ್ ಮಣ್ಣು, ಅಂದರೆ ಸೂಕ್ಷ್ಮ ಪಾಚಿಗಳ ಗಾಜಿನಂಥ ಚಿಪ್ಪುಗಳ ಪುಡಿ, ಸವರಿದೆ, ಇನ್ನೊಂದಕ್ಕೆ ಏನೂ ಇಲ್ಲ. ಪುಡಿ ಹಾಕಿದ ಮೇಲೆಯೇ ಮೊದಲ ತೂಕ ತಗೊಂಡು, ಎರಡನ್ನೂ ತೇವ ಹೀರುವ ಸಿಲಿಕಾ ಜೆಲ್ ಇದ್ದ ಮುಚ್ಚಿದ ಡಬ್ಬಿಯಲ್ಲಿಟ್ಟೆ. ಐದು ಗಂಟೆ ಬಿಟ್ಟು ನೋಡಿದರೆ ಸುಮ್ನೆ ಬಿಟ್ಟದ್ದು 0.98 ಗ್ರಾಂನಿಂದ 0.94ಕ್ಕೆ ಇಳಿದಿತ್ತು, ಪುಡಿ ಸವರಿದ್ದು 1.01ರಿಂದ 0.87ಕ್ಕೆ. ಉಸಿರಾಟದ ರಂಧ್ರಗಳಿಂದಲೂ ನೀರು ಹೋಗುತ್ತದೆ ನಿಜ, ಆದರೆ ಅದು ಎರಡರಲ್ಲೂ ಇದೆ. ಹೆಚ್ಚಿನ ನಷ್ಟ ಮೈಮೇಲಿನಿಂದಲೇ ಅಂತ ನಾನು ಓದಿಕೊಳ್ಳುತ್ತೇನೆ. ಒಂದೇ ಜೋಡಿಯ ಲೆಕ್ಕ ಇದು, ಇನ್ನಷ್ಟು ಜೋಡಿ ಬೇಕು.

ಸತ್ತ ಜಿರಳೆ ಅಲುಗಾಡುವುದಿಲ್ಲ, ಅಂದರೆ ಇಲ್ಲಿ ಪುಡಿಯ ಕಣಗಳು ಮೈಯನ್ನು ಗೀರುವ ಕೆಲಸ ಹೆಚ್ಚು ನಡೆದಿರಲಾರದು. ಪುಡಿ ಜಿಡ್ಡನ್ನು ಹೀರಿಕೊಂಡಿರಬೇಕು. ಬದುಕಿರುವ ಹುಳ ಪುಡಿಯ ಮೇಲೆ ತೆವಳಿದರೆ ಗೀರೂ ಸೇರಿಕೊಳ್ಳುತ್ತದೆ. ಇದನ್ನು 1945ರಲ್ಲಿ ವಿಗಲ್ಸ್‌ವರ್ತ್ ಎಂಬ ಕೀಟವಿಜ್ಞಾನಿ ಒಂದು ರಕ್ತ ಹೀರುವ ತಿಗಣೆಯಲ್ಲಿ ತೋರಿಸಿದ್ದರು. ಗೀರಿದ ತಿಗಣೆಯನ್ನು ತೇವದ ಗಾಳಿಯಲ್ಲಿಟ್ಟರೆ ಅದು ಹೊಸ ಮೇಣ ಸುರಿಸಿ ಗಾಯ ಮುಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಇಂಥ ಪುಡಿಗಳು ಸೋಲುವುದಕ್ಕೆ ಗಾಳಿಯ ತೇವವೇ ಕಾರಣ, ಅಲ್ವಾ.

ಈಗ ಔಷಧದ ದಾರಿ. ನೀರನ್ನು ತಡೆಯುವ ಜಿಡ್ಡೇ ಎಣ್ಣೆಗೆ ಕರಗುವ ವಿಷಕ್ಕೆ ಬಾಗಿಲು ತೆರೆಯುತ್ತದೆ. ಸೈಪರ್‌ಮೆಥ್ರಿನ್ ಅನ್ನುವ ಕೀಟನಾಶಕ ಅಂಥದ್ದು. ಮನೆಯಲ್ಲಿ ವಿಷ ಬಳಸಲು ಇಷ್ಟವಿಲ್ಲ, ಅದಕ್ಕೆ ಬಿಸಿ ಕಡಲೆಕಾಯಿ ಎಣ್ಣೆಯಲ್ಲಿ ಅರಿಶಿನ ಕದಡಿ ಬಟ್ಟೆಯಲ್ಲಿ ಸೋಸಿಟ್ಟೆ. ಸೂಜಿ ತುದಿಯಷ್ಟು ಎಣ್ಣೆಯನ್ನು ಸತ್ತ ಜಿರಳೆಯ ಹೊಟ್ಟೆಯ ಮೇಲಿಟ್ಟು ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಬಿಟ್ಟೆ. ಹಳದಿ ಹೊಳಪು ಹೊಟ್ಟೆಯ ಚಿಪ್ಪಿನ ಗಟ್ಟಿ ತಟ್ಟೆಯ ಮೇಲೆ ತೆಳುವಾಗಿ ಹರಡಿ, ಎರಡು ತಟ್ಟೆಗಳು ಸೇರುವ ಸಂದಿಗೆ ಓಡಿ ಅಲ್ಲೇ ಗಾಢವಾಯಿತು. ಆ ಸಂದಿಯ ಪೊರೆ ಮೆತ್ತಗಿದೆ, ಅದರ ಪ್ರೋಟೀನ್ ಹೊಲಿಗೆಯಾಗಿಲ್ಲ. ಗಟ್ಟಿ ತಟ್ಟೆಗಿಂತ ಅಲ್ಲಿ ವಿಷ ಸುಲಭವಾಗಿ ಇಳಿಯುತ್ತದೆ.

ಆದರೆ ಹೊಳಪು ಮೇಲ್ಮೈ ಹರಿವನ್ನಷ್ಟೇ ತೋರಿಸುತ್ತದೆ, ಒಳಗೆ ಎಷ್ಟು ಹೋಯಿತು ಅಂತ ಹೇಳುವುದಿಲ್ಲ. ಮುಂದಿನ ಸಲ ಎಣ್ಣೆ ಒರೆಸಿ, ಸಂದಿಯನ್ನು ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸಿ, ಹಳದಿ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಬೇಕು. ಡಯಾಟಮ್ ಸವರಿ ಜಿಡ್ಡು ತೆಗೆದ ಜಿರಳೆಯಲ್ಲೂ ಇದನ್ನೇ ಮಾಡಿ ಎರಡನ್ನೂ ಹೋಲಿಸುತ್ತೇನೆ.