ಲೂಪ್ ಓಡುತ್ತಿರುವಾಗಲೇ ಪಟ್ಟಿಯಿಂದ ತೆಗೆದರೆ ಪಕ್ಕದ ಆರ್ಡರ್ ಏಕೆ ಉಳಿದುಬಿಡುತ್ತದೆ

ಬೆಂಗಳೂರಿನಲ್ಲಿ ಮನೆಮನೆಗೆ ದಿನಸಿ ತಲುಪಿಸುವ ಕಂಪನಿಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಬೆಳಿಗ್ಗೆ ಗಾಡಿಗಳು ಗೋದಾಮಿನಿಂದ ಹೊರಡುವ ಮುನ್ನ ಪ್ರತಿ ಗಾಡಿಯ ಆರ್ಡರ್ ಪಟ್ಟಿಯನ್ನು ತೆಗೆದುಕೊಂಡು, ರಾತ್ರಿ ರದ್ದಾದ ಆರ್ಡರ್‌ಗಳನ್ನು ಅದರಿಂದ ಕಳೆದು, ಉಳಿದುದನ್ನು ಚಾಲಕರ ಮೊಬೈಲಿಗೆ ಕಳುಹಿಸುವ ಪೈಥಾನ್ ಪ್ರೋಗ್ರಾಮ್ ನಮ್ಮ ತಂಡದ ಹೊಣೆಯಲ್ಲಿದೆ. ರದ್ದಾದ ಆರ್ಡರ್‌ಗಳೂ ಆಗಾಗ ಚಾಲಕರ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಿವೆ ಎಂಬ ದೂರು ಗೋದಾಮಿನಿಂದ ಬಂತು. ವಿಚಿತ್ರವೆಂದರೆ ಸಾಮಾನ್ಯ ದಿನಗಳಲ್ಲಿ ಈ ತೊಂದರೆ ಇರುತ್ತಲೇ ಇರಲಿಲ್ಲ. ಜೋರು ಮಳೆಯಾಗಿ ಸರ್ಜಾಪುರ ರಸ್ತೆಯ ಕಡೆ ನೀರು ನಿಂತ ಮರುದಿನ ಮಾತ್ರ ತಲೆದೋರುತ್ತಿತ್ತು. ದೋಷವಿದ್ದದ್ದು ಈ ಮೂರು ಸಾಲುಗಳಲ್ಲಿ:

```python
for o in orders:
    if o["cancelled"]:
        orders.remove(o)
```

ಓದುವಾಗ ಇದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಒಂದೊಂದೇ ಆರ್ಡರನ್ನು ನೋಡು, ರದ್ದಾಗಿದ್ದರೆ ತೆಗೆದುಹಾಕು ಎಂದೇ ಅದು ಹೇಳುತ್ತಿರುವಂತಿದೆ. ಆದರೆ ಪೈಥಾನಿನ `for` ಲೂಪ್ ಪಟ್ಟಿಯ ಮೇಲೆ ಓಡುವಾಗ ಆರ್ಡರ್‌ಗಳ ಗುರುತನ್ನು ನೆನಪಿಟ್ಟುಕೊಳ್ಳುವುದಿಲ್ಲ; ಮುಂದೆ ಯಾವ ಸ್ಥಾನವನ್ನು ನೋಡಬೇಕು ಎಂಬ ಒಂದು ಸಂಖ್ಯೆಯನ್ನಷ್ಟೇ ಇಟ್ಟುಕೊಂಡಿರುತ್ತದೆ. ಪ್ರತಿ ಸುತ್ತಿನಲ್ಲೂ ಆ ಸಂಖ್ಯೆ ಪಟ್ಟಿಯ ಆ ಕ್ಷಣದ ಉದ್ದಕ್ಕಿಂತ ಕಡಿಮೆ ಇದೆಯೇ ಎಂದು ನೋಡಿ, ಇದ್ದರೆ ಆ ಸ್ಥಾನದಲ್ಲಿರುವುದನ್ನು ಕೊಟ್ಟು, ಸಂಖ್ಯೆಯನ್ನು ಒಂದು ಹೆಚ್ಚಿಸುತ್ತದೆ. ಇನ್ನೊಂದು ಕಡೆ `remove` ಒಂದು ಅಂಶವನ್ನು ತೆಗೆದಾಗ ಅಲ್ಲಿ ಖಾಲಿ ಜಾಗ ಉಳಿಯುವುದಿಲ್ಲ. ಅದರ ಬಲಕ್ಕಿರುವ ಎಲ್ಲವೂ ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತವೆ. ಹೀಗೆ ಸಂಖ್ಯೆ ಮುಂದಕ್ಕೆ ಹೋಗುವ ಹೊತ್ತಿಗೆ ಅಂಶಗಳು ಹಿಂದಕ್ಕೆ ಬಂದಿರುವುದರಿಂದ, ತೆಗೆದ ಅಂಶದ ಪಕ್ಕದಲ್ಲಿದ್ದುದು ಲೂಪಿನ ಕಣ್ಣಿಗೆ ಬೀಳದೆಯೇ ದಾಟಿಹೋಗುತ್ತದೆ.

ಐದು ಆರ್ಡರ್‌ಗಳ ಪಟ್ಟಿಯೊಂದನ್ನು ತೆಗೆದುಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಆರ್ಡರ್‌ಗಳ ಸಂಖ್ಯೆ 101ರಿಂದ 105. ಅವುಗಳಲ್ಲಿ 102, 103 ಮತ್ತು 105 ರದ್ದಾಗಿವೆ. ಸ್ಥಾನ 0ರಲ್ಲಿ 101 ಇದೆ, ಅದು ರದ್ದಾಗಿಲ್ಲ, ಹಾಗೇ ಉಳಿಯುತ್ತದೆ. ಸ್ಥಾನ 1ರಲ್ಲಿ 102 ಸಿಗುತ್ತದೆ, ಅದನ್ನು ತೆಗೆಯಲಾಗುತ್ತದೆ. ಈಗ ಪಟ್ಟಿಯಲ್ಲಿ 101, 103, 104, 105 ಇವೆ, ಅಂದರೆ 103 ಸರಿದು ಸ್ಥಾನ 1ಕ್ಕೆ ಬಂದಿದೆ. ಆದರೆ ಲೂಪ್ ಮುಂದೆ ನೋಡುವುದು ಸ್ಥಾನ 2ನ್ನು, ಅಲ್ಲಿರುವುದು 104. ಸ್ಥಾನ 3ರಲ್ಲಿ 105 ಸಿಕ್ಕಿ ಹೊರಹೋಗುತ್ತದೆ. ಮುಂದಿನ ಸ್ಥಾನ 4, ಪಟ್ಟಿಯ ಉದ್ದ 3, ಹಾಗಾಗಿ ಲೂಪ್ ಅಲ್ಲಿಗೆ ನಿಲ್ಲುತ್ತದೆ. ರದ್ದಾದ 103 ಪಟ್ಟಿಯಲ್ಲೇ ಉಳಿದು ಚಾಲಕನ ಮೊಬೈಲಿಗೆ ಹೋಗುತ್ತದೆ, ಯಾವ ದೋಷಸಂದೇಶವೂ ಬರುವುದಿಲ್ಲ. ಇದನ್ನು ಕಣ್ಣಾರೆ ಕಾಣಬೇಕಿದ್ದರೆ ಲೂಪಿನ ಮೊದಲ ಸಾಲಾಗಿ `print(o["id"])` ಸೇರಿಸಿದರೆ ಸಾಕು: 101, 102, 104, 105 ಎಂದಷ್ಟೇ ಅಚ್ಚಾಗುತ್ತದೆ. 103ನ್ನು ಲೂಪ್ ಪರೀಕ್ಷಿಸಿ ತಪ್ಪಾಗಿ ಬಿಟ್ಟದ್ದಲ್ಲ, ಅದು ಲೂಪಿಗೆ ಸಿಗಲೇ ಇಲ್ಲ ಎಂಬುದು ಇದರಿಂದ ಖಚಿತವಾಗುತ್ತದೆ. `if` ಸಾಲಿನ ಷರತ್ತನ್ನೇ ಮತ್ತೆ ಮತ್ತೆ ತಿದ್ದುತ್ತ ಕೂರುವವರು ಮೊದಲು ಇದನ್ನು ಮಾಡಿ ನೋಡಬೇಕು.

ಮಳೆಗೂ ಇದಕ್ಕೂ ಇರುವ ಸಂಬಂಧ ಇಲ್ಲಿಯೇ ಇದೆ. ಪ್ರತಿಯೊಂದನ್ನು ತೆಗೆದಾಗಲೂ ಅದರ ಪಕ್ಕದ್ದು ತಪ್ಪುತ್ತದೆ. ಆದರೆ ಪಕ್ಕದ್ದು ಹೇಗೂ ಉಳಿಯಬೇಕಾದ ಆರ್ಡರ್ ಆಗಿದ್ದರೆ, ಅದನ್ನು ನೋಡದಿದ್ದರೂ ಫಲಿತಾಂಶ ಸರಿಯಾಗಿಯೇ ಇರುತ್ತದೆ. ನಮ್ಮ ಪಟ್ಟಿಗಳು ಗಾಡಿ ಸಾಗುವ ದಾರಿಯ ಕ್ರಮದಲ್ಲಿರುತ್ತವೆ. ಸಾಮಾನ್ಯ ದಿನ ರದ್ದಾದ ಆರ್ಡರ್‌ಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ನೀರು ನಿಂತ ದಿನವಾದರೋ ಒಂದೇ ಅಪಾರ್ಟ್‌ಮೆಂಟಿನವರು ಸಾಲಾಗಿ ರದ್ದು ಮಾಡುತ್ತಾರೆ, ಅವೆಲ್ಲ ಪಟ್ಟಿಯಲ್ಲಿ ಒಂದರ ಪಕ್ಕ ಒಂದಿರುತ್ತವೆ. ಆರು ಆರ್ಡರ್‌ಗಳು ಒತ್ತಾಗಿ ರದ್ದಾಗಿದ್ದರೆ ಒಂದು ಓಟಕ್ಕೆ ಮೂರು ಹೋಗಿ ಮೂರು ಉಳಿಯುತ್ತವೆ. ಪ್ರೋಗ್ರಾಮನ್ನು ಇನ್ನೊಮ್ಮೆ ಓಡಿಸಿದರೆ ಎರಡು ಹೋಗಿ ಒಂದು ಉಳಿಯುತ್ತದೆ, ಮತ್ತೊಮ್ಮೆ ಓಡಿಸಿದರೆ ಅದೂ ಹೋಗುತ್ತದೆ. ಗೋದಾಮಿನವರು ‘ಇನ್ನೊಂದೆರಡು ಸಲ ಓಡಿಸಿದರೆ ಸರಿಹೋಗುತ್ತದೆ ಸರ್’ ಎಂದು ಹೇಳುತ್ತಿದ್ದದ್ದು ಹೀಗಾಗಿ. ಪ್ರತಿ ಓಟಕ್ಕೂ ಸುಮಾರು ಅರ್ಧದಷ್ಟು ಕರಗುವುದು ಕಂಡರೆ ಈ ದೋಷವನ್ನೇ ಮೊದಲು ಶಂಕಿಸಬೇಕು.

ಉಳಿಯಬೇಕಾದ ಆರ್ಡರ್ ತಪ್ಪಿದರೆ ತೊಂದರೆಯಿಲ್ಲ ಎಂಬುದು ಲೂಪ್ ತೆಗೆಯುವ ಕೆಲಸವನ್ನಷ್ಟೇ ಮಾಡುತ್ತಿರುವವರೆಗೆ ಮಾತ್ರ ನಿಜ. ಅದೇ ಲೂಪಿನಲ್ಲಿ ಉಳಿದ ಆರ್ಡರ್‌ಗಳ ತೂಕವನ್ನೂ ಕೂಡಿಸುತ್ತಿದ್ದರೆ, ದಾಟಿಹೋದ ಆರ್ಡರಿನ ತೂಕ ಮೊತ್ತಕ್ಕೆ ಸೇರುವುದೇ ಇಲ್ಲ; ಪಟ್ಟಿ ಸರಿಯಾಗಿ ಕಂಡರೂ ಗಾಡಿಯ ಭಾರದ ಲೆಕ್ಕ ಕಡಿಮೆ ಬರುತ್ತದೆ. ನನ್ನ ದೃಷ್ಟಿಯಲ್ಲಿ ಇದು ಮೊದಲನೆಯದಕ್ಕಿಂತ ಅಪಾಯಕಾರಿ, ಏಕೆಂದರೆ ಪಟ್ಟಿಯನ್ನು ನೋಡುವವರಿಗೆ ಅನುಮಾನವೇ ಬರುವುದಿಲ್ಲ. ಡಿಕ್ಷನರಿಯ ಮೇಲೆ ಲೂಪ್ ಓಡುವಾಗ ಕೀ ಒಂದನ್ನು ಅಳಿಸಿ ಮುಂದುವರಿದರೆ ಪೈಥಾನ್ `RuntimeError: dictionary changed size during iteration` ಎಂದು ನಿಲ್ಲಿಸಿಬಿಡುತ್ತದೆ. ಪಟ್ಟಿಗೆ ಅಂತಹ ಕಾವಲಿಲ್ಲ.

ಸರಿಪಡಿಸಲು ನಾನು ಆರಿಸಿಕೊಳ್ಳುವುದು ತೆಗೆಯುವ ಯೋಚನೆಯನ್ನೇ ಬಿಟ್ಟು, ಉಳಿಯಬೇಕಾದವುಗಳ ಹೊಸ ಪಟ್ಟಿ ಕಟ್ಟುವುದನ್ನು. ಹಳೆಯ ಪಟ್ಟಿ ಓದುವಾಗ ಬದಲಾಗುವುದಿಲ್ಲವಾದ್ದರಿಂದ ಯಾವುದೂ ತಪ್ಪುವುದಿಲ್ಲ. ಆದರೆ ನಮ್ಮಲ್ಲಿ ಈ ಸಾಲುಗಳು ಒಂದು ಫಂಕ್ಷನ್ನಿನ ಒಳಗಿದ್ದವು, ಮತ್ತು ಅದನ್ನು ಕರೆದ ಕಡೆಯವರು ತಾವು ಕೊಟ್ಟ ಪಟ್ಟಿಯೇ ಬದಲಾಗುತ್ತದೆಂದು ನಂಬಿಕೊಂಡಿದ್ದರು. ಅಲ್ಲಿ `orders = [...]` ಎಂದು ಬರೆದರೆ ಫಂಕ್ಷನ್ನಿನ ಒಳಗಿನ ಹೆಸರು ಹೊಸ ಪಟ್ಟಿಗೆ ಅಂಟಿಕೊಳ್ಳುತ್ತದೆಯೇ ಹೊರತು ಹೊರಗಿನ ಪಟ್ಟಿ ಎಲ್ಲ ರದ್ದಾದ ಆರ್ಡರ್‌ಗಳೊಡನೆ ಹಾಗೇ ಇರುತ್ತದೆ. ಅದಕ್ಕಾಗಿ ಹೀಗೆ ಬರೆದೆವು:

```python
orders[:] = [o for o in orders if not o["cancelled"]]
```

ಬಲಗಡೆಯ ಹೊಸ ಪಟ್ಟಿ ಪೂರ್ತಿ ಸಿದ್ಧವಾದ ಮೇಲಷ್ಟೇ ಅದರಲ್ಲಿರುವುದು ಹಳೆಯ ಪಟ್ಟಿಯೊಳಕ್ಕೆ ತುಂಬಿಕೊಳ್ಳುತ್ತದೆ. `for o in orders[:]` ಎಂದು ನಕಲಿನ ಮೇಲೆ ಓಡಿ ಮೂಲದಿಂದ ತೆಗೆಯುವುದೂ ಸರಿಯಾದ ಫಲಿತಾಂಶವನ್ನೇ ಕೊಡುತ್ತದೆ, ಆದರೆ ಪ್ರತಿ `remove` ಕೂಡ ಪಟ್ಟಿಯ ಮೊದಲಿನಿಂದ ಹುಡುಕಿ, ಸಿಕ್ಕ ಮೇಲೆ ಉಳಿದುದನ್ನೆಲ್ಲ ಸರಿಸಬೇಕಾಗುವುದರಿಂದ ದೊಡ್ಡ ಪಟ್ಟಿಗಳಲ್ಲಿ ಅದು ನಿಧಾನ.

ಹಳೆಯ ಪರೀಕ್ಷಾ ಮಾಹಿತಿಯಲ್ಲಿ ರದ್ದಾದ ಆರ್ಡರ್‌ಗಳ ನಡುವೆ ಯಾವಾಗಲೂ ಒಂದು ಒಳ್ಳೆಯ ಆರ್ಡರ್ ಇರುತ್ತಿತ್ತು, ಅದಕ್ಕೇ ಪರೀಕ್ಷೆಗಳೆಲ್ಲ ಪಾಸಾಗುತ್ತಿದ್ದವು. ಈಗ ಎರಡು ಅಕ್ಕಪಕ್ಕ ರದ್ದಾದ ಪಟ್ಟಿ, ಎಲ್ಲವೂ ರದ್ದಾದ ಪಟ್ಟಿ, ಕೊನೆಯ ಎರಡು ಮಾತ್ರ ರದ್ದಾದ ಪಟ್ಟಿ ಇವಿಷ್ಟನ್ನೂ ಸೇರಿಸಿದ್ದೇವೆ, ಮತ್ತು ಚಾಲಕರಿಗೆ ಕಳುಹಿಸುವ ಸಾಲಿಗೆ ತುಸು ಮೊದಲು `assert not any(o["cancelled"] for o in orders)` ಎಂಬ ಒಂದು ಸಾಲನ್ನು ಇರಿಸಿದ್ದೇವೆ.