ಸಾಲು ಯಾರದು ಎಂದು ನೋಡಿ

"ಸಾರ್, ಈಗ ಎಲ್ಲಿ ನೋಡಿದರೂ ಹೊಸದೊಂದು ವ್ಯಾಪಾರ ಓಡುತ್ತಿದೆ, ನಾನೂ ಅಂಥದೇ ಒಂದು ಅಂಗಡಿ ಹಾಕಬೇಕು ಎಂದಿದ್ದೇನೆ. ವರ್ಷದೊಳಗೆ ಇದರ ಗಾಳಿ ಇಳಿಯುತ್ತದೆಯೋ ಇಲ್ಲವೋ, ಮೊದಲೇ ಹೇಗೆ ತಿಳಿಯುವುದು?"

ಅಂಗಡಿಯ ಮುಂದಿನ ಸಾಲಿನ ಉದ್ದವನ್ನಲ್ಲ, ಆ ಸಾಲಿನಲ್ಲಿ ಎರಡನೆಯ ಸಲ ಬಂದವರು ಎಷ್ಟು ಮಂದಿ ಎಂಬುದನ್ನು ನಾನು ಮೊದಲು ನೋಡುತ್ತೇನೆ. ತಣ್ಣನೆಯ ತಟ್ಟೆಯ ಮೇಲೆ ಹಾಲು ಸುರಿದು, ಹೆರೆದು ಸುರುಳಿ ಮಾಡಿಕೊಡುವ ರೋಲ್ ಐಸ್‌ಕ್ರೀಮಿನ ಅಂಗಡಿಯೊಂದು ಜಯನಗರದಲ್ಲಿ ತೆರೆಯಿತು ಎಂದಿಟ್ಟುಕೊಳ್ಳಿ. ತಿಂಗಳಿಗೆ ಬಾಡಿಗೆ 60,000, ಇಬ್ಬರು ಕೆಲಸಗಾರರ ಸಂಬಳ 40,000, ಕರೆಂಟು ಮುಂತಾದವಕ್ಕೆ 10,000 ರೂಪಾಯಿ. 120 ರೂಪಾಯಿಯ ಕಪ್ಪಿನಲ್ಲಿ ಸಾಮಗ್ರಿಯ ಖರ್ಚು ಕಳೆದು 60 ಉಳಿದರೆ, ನಷ್ಟವಿಲ್ಲದೆ ನಡೆಸುವುದಕ್ಕೇ ತಿಂಗಳಿಗೆ ಸುಮಾರು 1,835 ಕಪ್ಪು ಮಾರಬೇಕು. ಜನ ಮುಗಿಬಿದ್ದು 2,400 ಕಪ್ಪು ಹೋದ ತಿಂಗಳಿನಲ್ಲಿಯೂ ಉಳಿಯುವುದು 34,000 ರೂಪಾಯಿ. ಅಡ್ವಾನ್ಸು ಬಿಟ್ಟು ಯಂತ್ರಕ್ಕೂ ಒಳಾಂಗಣಕ್ಕೂ 7 ಲಕ್ಷ ಹಾಕಿದ್ದರೆ, ಅದು ಮರಳಿ ಬರಲು ಇದೇ ನೂಕುನುಗ್ಗಲು ಇಪ್ಪತ್ತು ತಿಂಗಳಿಗೂ ಹೆಚ್ಚು ಕಾಲ ಉಳಿಯಬೇಕಾಗುತ್ತದೆ.

ಉಳಿಯುತ್ತದೆಯೇ ಎಂಬುದನ್ನು ಮೂರನೆಯ ತಿಂಗಳಿನ ಯುಪಿಐ ಪಟ್ಟಿಯೇ ಹೇಳುತ್ತದೆ. ಮೊದಲ ತಿಂಗಳು ಹಣ ಕೊಟ್ಟವರ ಹೆಸರುಗಳಲ್ಲಿ ಎಷ್ಟು ಮತ್ತೆ ಕಾಣಿಸಿಕೊಂಡಿವೆ ಎಂದು ಗುರುತು ಹಾಕಿ. ಗೆಳೆಯರ ಗುಂಪಿನಲ್ಲಿ ಒಬ್ಬರೇ ಹಣ ಕೊಡುವುದರಿಂದ ಈ ಲೆಕ್ಕ ನಿಖರವಲ್ಲ, ಆದರೂ ವ್ಯಾಪಾರದ ದಿಕ್ಕು ತಿಳಿಯುತ್ತದೆ. ಹಳೆಯ ಹೆಸರುಗಳು ಬೆರಳೆಣಿಕೆಯಷ್ಟಿದ್ದು ಒಟ್ಟು ಮಾರಾಟ ಮಾತ್ರ ಏರುತ್ತಿದ್ದರೆ, ಅಂಗಡಿ ಪ್ರತಿ ತಿಂಗಳೂ ಹೊಸಬರನ್ನೇ ನಂಬಿಕೊಂಡಿದೆ ಎಂದರ್ಥ. ಅದೇ ರಸ್ತೆಯಲ್ಲಿ ಅಂಥದೇ ಇನ್ನೆರಡು ಅಂಗಡಿಗಳು ತೆರೆದ ದಿನ ಆ ಹೊಸಬರೂ ಹಂಚಿಹೋಗುತ್ತಾರೆ.

ಇನ್ನೊಂದು ಗುರುತು ಪಾರ್ಸೆಲ್. ಮಾಡುವುದನ್ನು ನಿಂತು ನೋಡಿ, ಮೊಬೈಲಿನಲ್ಲಿ ಚಿತ್ರೀಕರಿಸಿ, ಅರ್ಧ ಕಪ್ಪು ಬಿಟ್ಟುಹೋಗುವವರೇ ಹೆಚ್ಚಾಗಿದ್ದು, ಮನೆಗೆ ಕಟ್ಟಿಸಿಕೊಳ್ಳುವವರು ಇಲ್ಲವೇ ಇಲ್ಲವೆಂದಾದರೆ, ಅವರು ಕೊಂಡದ್ದು ತಿಂಡಿಯನ್ನಲ್ಲ, ನೋಟವನ್ನು. ನೋಟವನ್ನು ಹತ್ತು ಸಲ ಕೊಳ್ಳುವವರು ಅಪರೂಪ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಗಳಲ್ಲಿ ನಿಂತು ತಿನ್ನುವುದೂ ಆಗ ಹೊಸತೇ ಆಗಿತ್ತು. ಆದರೆ ಕೆಲಸಕ್ಕೆ ಹೊರಟವರ ಬೆಳಗಿನ ಹಸಿವಿಗೆ ಅವು ಕಡಿಮೆ ದುಡ್ಡಿನಲ್ಲಿ, ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳದೆ ಇಡ್ಲಿ ಕೊಟ್ಟವು, ಆ ಹಸಿವೋ ಮರುದಿನವೂ ಬರುವಂಥದು.

ಯಂತ್ರ ಮಾರುವವರ, ಫ್ರಾಂಚೈಸಿ ಕೊಡುವವರ ಜಾಹೀರಾತುಗಳು ತಿನ್ನುವವರಿಗಿಂತ ಅಂಗಡಿ ಹಾಕುವವರನ್ನೇ ಹೆಚ್ಚಾಗಿ ಕರೆಯುತ್ತಿದ್ದರೆ, ಲಾಭ ಯಾರ ಕೈ ಸೇರುತ್ತಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮದುವೆ ಅಲಂಕಾರ, ಮಂಚ, ಸೋಫಾಗಳಂಥ ವ್ಯಾಪಾರಕ್ಕೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಮರಳಿ ಬಂದವರ ಬದಲು, ಹಳೆಯ ಗಿರಾಕಿ ಹೇಳಿ ಕಳುಹಿಸಿದವರನ್ನು ಎಣಿಸಬೇಕು. ಹಾಗೆಯೇ ಜೂನ್ ಮಳೆಯಲ್ಲಿ ಐಸ್‌ಕ್ರೀಮು ಇಳಿದರೆ ತಕ್ಷಣ ಗಾಬರಿಯಾಗದೆ, ಪಕ್ಕದ ಹಳೆಯ ಜ್ಯೂಸ್ ಅಂಗಡಿಯಲ್ಲಿಯೂ ವ್ಯಾಪಾರ ಅಷ್ಟೇ ಇಳಿದಿದೆಯೇ ಎಂದು ಒಂದು ವಾರ ಗಮನಿಸಿ, ಅನಂತರ ತೀರ್ಮಾನಿಸಿ.