ಬಾಟಲ್‌ನೆಕ್ ಮತ್ತು ಪರದೆಯ ರೆಸಲ್ಯೂಶನ್

“ಸರ್, ನನ್ನ ಪಿಸಿಯಲ್ಲಿ ರೈಜನ್ 5 3600 ಪ್ರೊಸೆಸರ್ ಇದೆ, ಮಾನಿಟರ್ 1080ಪಿ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಬಾಟಲ್‌ನೆಕ್ ಆಗುತ್ತಾ? ಎಸ್.ಪಿ. ರೋಡ್ ಅಂಗಡಿಯವರು 1440ಪಿ ಮಾನಿಟರ್ ತಗೊಂಡರೆ ಎಲ್ಲ ಸರಿಹೋಗುತ್ತೆ ಅಂತಾರೆ. ನಿಜವಾ?”

ಅಂಗಡಿಯವರ ಮಾತಿನಲ್ಲಿ ಅರ್ಧ ಮಾತ್ರ ನಿಜ. ಬಾಟಲ್‌ನೆಕ್ ಎಂದರೆ ಒಂದು ಭಾಗ ನಿಧಾನವಾಗಿದ್ದು ಇನ್ನೊಂದು ಅದಕ್ಕಾಗಿ ಕಾಯುವುದು. ದೊಡ್ಡ ರೆಸಲ್ಯೂಶನ್ನಿನ ಮಾನಿಟರ್ ತಂದರೆ ಹೊಸ ಕಾರ್ಡ್ ಕೆಲಸವಿಲ್ಲದೆ ಕೂರುವುದು ತಪ್ಪುತ್ತದೆ, ಆದರೆ ಪ್ರೊಸೆಸರ್‌ನ ವೇಗ ಅದರಿಂದ ಒಂದಿಷ್ಟೂ ಹೆಚ್ಚುವುದಿಲ್ಲ. ನಿಮ್ಮ ಪ್ರೊಸೆಸರ್ ಒಂದು ಆಟದಲ್ಲಿ ಸೆಕೆಂಡಿಗೆ 90 ಫ್ರೇಮ್‌ಗಳನ್ನಷ್ಟೇ, ಎಂದರೆ 90 ಚಿತ್ರಗಳನ್ನಷ್ಟೇ, ಸಿದ್ಧಪಡಿಸಬಲ್ಲದಾದರೆ, ಯಾವ ಮಾನಿಟರ್ ಜೋಡಿಸಿದರೂ 90ರ ಮೇಲೆ ಹೋಗುವುದಿಲ್ಲ. 1440ಪಿ ಅಥವಾ 4ಕೆ ಪರದೆಯಲ್ಲಿ ಆ ಮಿತಿ ಕಣ್ಣಿಗೆ ಬೀಳದೆ ಇರುತ್ತದೆ, ಅಷ್ಟೇ.

ಇದು ಏಕೆ ಹೀಗೆ ಎಂದು ತಿಳಿಯಲು, ಒಂದು ಫ್ರೇಮ್ ತಯಾರಾಗುವಾಗ ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದನ್ನು ನೋಡಬೇಕು. ನೀವು ಮೌಸ್ ಚಲಿಸಿದ್ದನ್ನು ಓದುವುದು, ಎದುರಾಳಿ ಪಾತ್ರಗಳು ಮುಂದೇನು ಮಾಡಬೇಕೆಂದು ನಿರ್ಧರಿಸುವುದು, ವಸ್ತುಗಳ ಚಲನೆ ಮತ್ತು ಡಿಕ್ಕಿಗಳನ್ನು ಲೆಕ್ಕ ಹಾಕುವುದು, ಕೊನೆಗೆ ಈ ಫ್ರೇಮ್‌ನಲ್ಲಿ ಯಾವ ಯಾವ ವಸ್ತುಗಳನ್ನು ಬಿಡಿಸಬೇಕು ಎಂಬ ಆದೇಶಗಳ ಪಟ್ಟಿಯನ್ನು ತಯಾರಿಸಿ ಕಾರ್ಡಿಗೆ ಕಳಿಸುವುದು, ಇವಿಷ್ಟೂ ಪ್ರೊಸೆಸರ್‌ನ ಕೆಲಸ. ಆ ಆದೇಶಗಳಿಗೆ ಡ್ರಾ ಕಾಲ್ ಎನ್ನುತ್ತಾರೆ. ಪಟ್ಟಿ ಕೈಗೆ ಬಂದ ಮೇಲೆ ಪ್ರತಿಯೊಂದು ಪಿಕ್ಸೆಲ್‌ನ ಬಣ್ಣ, ಬೆಳಕು, ನೆರಳನ್ನು ಲೆಕ್ಕ ಹಾಕಿ ಚಿತ್ರವನ್ನು ಪೂರ್ತಿಗೊಳಿಸುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ.

ಚಿಕ್ಕಪೇಟೆಯ ಬ್ಲೌಸ್ ಅಂಗಡಿಯೊಂದನ್ನು ನೆನೆಸಿಕೊಳ್ಳಿ. ಮಾಸ್ಟರ್ ಬಟ್ಟೆಯ ಮೇಲೆ ಅಳತೆ ಗುರುತು ಹಾಕಿ ಕೊಡುತ್ತಾರೆ, ಆರಿ ವರ್ಕ್ ಮಾಡುವವರು ಅದರ ಮೇಲೆ ಕಸೂತಿ ಹಾಕುತ್ತಾರೆ. ಕಸೂತಿ ಒತ್ತಾಗಿರಲಿ ತೆಳುವಾಗಿರಲಿ, ಗುರುತು ಹಾಕಲು ಮಾಸ್ಟರ್‌ಗೆ ಹಿಡಿಯುವ ಹೊತ್ತು ಒಂದೇ. ಆರಿ ಕೆಲಸದ ಹೊತ್ತು ಮಾತ್ರ ಒತ್ತಾದಷ್ಟೂ ಏರುತ್ತದೆ. ಆರಿಯವರು ಒಂದು ಬಟ್ಟೆಯಲ್ಲಿ ತೊಡಗಿರುವಾಗ ಮಾಸ್ಟರ್ ಮುಂದಿನದಕ್ಕೆ ಗುರುತು ಹಾಕುತ್ತಿರುತ್ತಾರಾದ್ದರಿಂದ, ದಿನಕ್ಕೆ ಎಷ್ಟು ಬ್ಲೌಸ್ ಹೊರಬರುತ್ತವೆ ಎಂಬುದು ಇಬ್ಬರ ಹೊತ್ತನ್ನು ಕೂಡಿಸಿದ ಮೊತ್ತದಿಂದಲ್ಲ, ಇಬ್ಬರಲ್ಲಿ ನಿಧಾನವಾಗಿರುವವರಿಂದ ತೀರ್ಮಾನವಾಗುತ್ತದೆ. ಫ್ರೇಮ್‌ಗಳ ಲೆಕ್ಕವೂ ಹಾಗೆಯೇ.

ಪಿಕ್ಸೆಲ್‌ಗಳ ಸಂಖ್ಯೆ ಎಷ್ಟು ಏರುತ್ತದೆ ಎಂಬುದನ್ನು ಗಮನಿಸಿ. 1080ಪಿ ಪರದೆಯಲ್ಲಿ 1920 × 1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. 1440ಪಿ ಪರದೆಯಲ್ಲಿ ಅದು ಸುಮಾರು 36.9 ಲಕ್ಷವಾಗುತ್ತದೆ, 4ಕೆ ಪರದೆಯಲ್ಲಿ 82.9 ಲಕ್ಷ, ಎಂದರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಕಾರ್ಡಿನ ಹೊತ್ತು ಅಷ್ಟೇ ಪಟ್ಟು ಏರಲೇಬೇಕೆಂದಿಲ್ಲ, ಏಕೆಂದರೆ ಅದರ ಕೆಲಸದಲ್ಲಿ ಪಿಕ್ಸೆಲ್ ಎಣಿಕೆಗೆ ಸಂಬಂಧಿಸದ ಭಾಗವೂ ಇದೆ. ಆದರೂ ಏರಿಕೆ ದೊಡ್ಡದೇ. ಪ್ರೊಸೆಸರ್‌ನ ಪಟ್ಟಿಯಾದರೋ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಅಲ್ಟ್ರಾವೈಡ್ ಮಾನಿಟರ್ ಇದಕ್ಕೆ ಸಣ್ಣ ಅಪವಾದ: ಅಲ್ಲಿ ಅಕ್ಕಪಕ್ಕದ ದೃಶ್ಯವೂ ಕಾಣುವುದರಿಂದ ಬಿಡಿಸಬೇಕಾದ ವಸ್ತುಗಳೇ ಹೆಚ್ಚುತ್ತವೆ.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗಾಗಿ ನಾನು ಆರಿಸಿಕೊಂಡವು. ಒಂದು ಆಟದಲ್ಲಿ ಪ್ರೊಸೆಸರ್‌ಗೆ ಪ್ರತಿ ಫ್ರೇಮಿಗೆ 11 ಮಿಲಿಸೆಕೆಂಡ್ ಬೇಕು ಎನ್ನೋಣ; 1000 ಅನ್ನು 11ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 90 ಫ್ರೇಮ್ ಆಯಿತು. ಕಾರ್ಡಿಗೆ 1080ಪಿಯಲ್ಲಿ 5.5, 1440ಪಿಯಲ್ಲಿ 9, 4ಕೆಯಲ್ಲಿ 19 ಮಿಲಿಸೆಕೆಂಡ್ ಬೇಕು ಎನ್ನೋಣ. 1080ಪಿಯಲ್ಲಿ ಕಾರ್ಡ್ ತನ್ನ ಕೆಲಸವನ್ನು ಅರ್ಧ ಹೊತ್ತಿನಲ್ಲೇ ಮುಗಿಸಿ ಉಳಿದರ್ಧ ಕಾಯುತ್ತದೆ. ಫ್ರೇಮ್‌ಗಳು 90, ಕಾರ್ಡಿನ ಬಳಕೆ ಶೇ. 50. 1440ಪಿಗೆ ಹೋದರೆ ಕಾರ್ಡಿನ ಬಳಕೆ ಶೇ. 80 ದಾಟುತ್ತದೆ, ಫ್ರೇಮ್‌ಗಳು ಮಾತ್ರ ಆಗಲೂ 90. ಅಂಗಡಿಯವರು “ಸರಿಹೋಯಿತು” ಎನ್ನುವುದು ಇದನ್ನೇ: ಚಿತ್ರ ಸ್ಪಷ್ಟವಾಯಿತು, ವೇಗ ಕಡಿಮೆಯಾಗಲಿಲ್ಲ, ಆದರೆ ಹೆಚ್ಚಾಗಲೂ ಇಲ್ಲ. 4ಕೆಯಲ್ಲಿ 19 ಮಿಲಿಸೆಕೆಂಡ್ ತೆಗೆದುಕೊಳ್ಳುವ ಕಾರ್ಡೇ ನಿಧಾನವಾದ್ದರಿಂದ ಫ್ರೇಮ್‌ಗಳು 52ಕ್ಕೆ ಇಳಿಯುತ್ತವೆ ಮತ್ತು ಕಾಯುವ ಸರದಿ ಪ್ರೊಸೆಸರ್‌ನದಾಗುತ್ತದೆ.

ಇದೇ ಪಿಸಿಗೆ ಎರಡು ಪಟ್ಟು ವೇಗದ ಕಾರ್ಡ್ ಹಾಕಿದರೆ ಏನಾಗುತ್ತದೆ? 1080ಪಿಯಲ್ಲಿ 90, 1440ಪಿಯಲ್ಲೂ 90. ಕೊಟ್ಟ ಹಣಕ್ಕೆ ಒಂದು ಫ್ರೇಮ್ ಕೂಡ ಹೆಚ್ಚಲಿಲ್ಲ. 4ಕೆಯಲ್ಲಿ ಮಾತ್ರ 52 ಇದ್ದದ್ದು 90ಕ್ಕೆ ಜಿಗಿಯುತ್ತದೆ. ಕಾರ್ಡನ್ನು ಹಾಗೆಯೇ ಬಿಟ್ಟು, ಫ್ರೇಮಿಗೆ 7 ಮಿಲಿಸೆಕೆಂಡ್ ತೆಗೆದುಕೊಳ್ಳುವ ಪ್ರೊಸೆಸರ್ ಹಾಕಿದರೆ 1080ಪಿಯಲ್ಲಿ ಸುಮಾರು 143, 1440ಪಿಯಲ್ಲಿ 111 ಸಿಗುತ್ತದೆ, 4ಕೆಯಲ್ಲಿ ಮತ್ತದೇ 52. ಒಂದೇ ಪಿಸಿ, ಒಂದೇ ಆಟ. ಯಾವ ಭಾಗಕ್ಕೆ ಹಣ ಹಾಕಬೇಕು ಎಂಬ ಉತ್ತರ ಪರದೆಯ ಜೊತೆಗೇ ಬದಲಾಯಿತು. ಎರಡು ಹೆಸರುಗಳನ್ನು ಆರಿಸಿದೊಡನೆ “ಬಾಟಲ್‌ನೆಕ್ ಶೇ. 14” ಎಂದು ಹೇಳುವ ಆನ್‌ಲೈನ್ ಕ್ಯಾಲ್ಕ್ಯುಲೇಟರ್‌ಗಳನ್ನು ನಾನು ನಂಬದಿರುವುದು ಇದಕ್ಕಾಗಿಯೇ. ಆಟ ಬದಲಾದರೂ ಈ ಲೆಕ್ಕ ಬದಲಾಗುತ್ತದೆ. ನೂರಾರು ಪಾತ್ರಗಳು ಓಡಾಡುವ ನಗರದ ಆಟ ಪ್ರೊಸೆಸರ್‌ಗೆ ಭಾರ, ಖಾಲಿ ಕೋಣೆಗಳಲ್ಲಿ ಸುಂದರವಾದ ಬೆಳಕು ತೋರಿಸುವ ಆಟ ಕಾರ್ಡಿಗೆ ಭಾರ.

ನಿಮ್ಮ ಪಿಸಿಯಲ್ಲಿ ಮಿತಿ ಎಲ್ಲಿದೆ ಎಂದು ನೀವೇ ನೋಡಬಹುದು. ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶವನ್ನು ಅದರ ಜೊತೆಗೆ ಬರುವ ರಿವಾಟ್ಯೂನರ್ ಸಹಿತ ಹಾಕಿಕೊಂಡು, ಆಡುವಾಗ ಪರದೆಯ ಮೂಲೆಯಲ್ಲಿ ಎಫ್‌ಪಿಎಸ್, ಎಂದರೆ ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ, ಮತ್ತು ಕಾರ್ಡಿನ ಬಳಕೆ ಕಾಣುವಂತೆ ಮಾಡಿ. ಫ್ರೇಮ್‌ಗಳನ್ನು ಮಾನಿಟರ್‌ನ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಮತ್ತು ಫ್ರೇಮ್ ಮಿತಿಯನ್ನು ಮೊದಲು ತೆಗೆದುಬಿಡಿ, ಇಲ್ಲವಾದರೆ ಕಾರ್ಡ್ ಬೇಕೆಂದೇ ನಿಧಾನವಾಗಿರುವುದನ್ನು ನೀವು ಬಾಟಲ್‌ನೆಕ್ ಎಂದು ತಿಳಿಯುತ್ತೀರಿ. ಕಾರ್ಡಿನ ಬಳಕೆ ಶೇ. 97ರ ಆಸುಪಾಸಿನಲ್ಲಿ ನಿಂತಿದ್ದರೆ ಮಿತಿ ಕಾರ್ಡಿನದು, ಶೇ. 60, 70ರಲ್ಲಿ ಅಲೆದಾಡುತ್ತಿದ್ದರೆ ಅದು ಪ್ರೊಸೆಸರ್‌ನ ದಾರಿ ಕಾಯುತ್ತಿದೆ ಎಂದರ್ಥ.

ಇಲ್ಲಿ ಬಹಳ ಜನ ಎಡವುವುದು ಪ್ರೊಸೆಸರ್‌ನ ಬಳಕೆಯ ಅಂಕಿಯನ್ನು ನೋಡಿ. “ಪ್ರೊಸೆಸರ್ ಶೇ. 40 ಮಾತ್ರ ತೋರಿಸುತ್ತಿದೆ, ಹಾಗಾದರೆ ಅದರ ತಪ್ಪಲ್ಲ” ಎನ್ನುತ್ತಾರೆ. ರೈಜನ್ 5 3600ರಲ್ಲಿ 6 ಕೋರ್ ಇವೆ, ಅವು ಏಕಕಾಲಕ್ಕೆ 12 ಥ್ರೆಡ್‌ಗಳನ್ನು, ಎಂದರೆ ಕೆಲಸದ ಸರಣಿಗಳನ್ನು, ನಡೆಸಬಲ್ಲವು; ಟಾಸ್ಕ್ ಮ್ಯಾನೇಜರ್ ತೋರಿಸುವುದು ಹನ್ನೆರಡರ ಸರಾಸರಿಯನ್ನು. ಆಟದ ಮುಖ್ಯ ಥ್ರೆಡ್ ಒಂದೇ ಪೂರ್ತಿ ತುಂಬಿ ಉಳಿದವೆಲ್ಲ ಖಾಲಿ ಇದ್ದರೆ ಆ ಅಂಕಿ ಶೇ. 8ರಷ್ಟೇ ಕಾಣುತ್ತದೆ, ಮಿತಿ ಮಾತ್ರ ಅದೇ ಥ್ರೆಡ್‌ನಲ್ಲಿರುತ್ತದೆ. ವಿಂಡೋಸ್ ಆ ಥ್ರೆಡ್ಡನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ಸ್ಥಳಾಂತರಿಸುತ್ತಿರುವುದರಿಂದ, ಪ್ರತಿ ಕೋರ್‌ನ ಗ್ರಾಫ್ ನೋಡಿದರೂ ಯಾವುದೊಂದೂ ಶೇ. 100 ತಲುಪದಿರಬಹುದು. ಆದ್ದರಿಂದ ಕಾರ್ಡಿನ ಬಳಕೆಯ ಅಂಕಿಯೇ ಹೆಚ್ಚು ನಂಬತಕ್ಕದ್ದು.

ಇನ್ನೂ ಸಂದೇಹವಿದ್ದರೆ, ಆಟದ ಒಂದೇ ಜಾಗದಲ್ಲಿ ನಿಂತು ರೆಸಲ್ಯೂಶನ್ನನ್ನು 1080ಪಿಯಿಂದ 720ಪಿಗೆ ಇಳಿಸಿ ನೋಡಿ. ಫ್ರೇಮ್‌ಗಳು ಚೆನ್ನಾಗಿ ಏರಿದರೆ ಮಿತಿ ಕಾರ್ಡಿನಲ್ಲಿತ್ತು. ಕದಲದೆ ನಿಂತರೆ ಪ್ರೊಸೆಸರ್‌ನಲ್ಲಿ. ಪ್ರೊಸೆಸರ್ ವಿಮರ್ಶೆ ಮಾಡುವವರು 1080ಪಿಯಲ್ಲೇ ಪರೀಕ್ಷೆ ನಡೆಸುವುದನ್ನು “ಇಷ್ಟು ದುಬಾರಿ ಕಾರ್ಡ್ ಹಾಕಿಕೊಂಡು ಯಾರು 1080ಪಿಯಲ್ಲಿ ಆಡುತ್ತಾರೆ” ಎಂದು ಹಲವರು ಟೀಕಿಸುತ್ತಾರೆ, ಆದರೆ ಅವರು ಮಾಡುತ್ತಿರುವುದೂ ಇದೇ: ಕಾರ್ಡನ್ನು ದಾರಿಯಿಂದ ಸರಿಸಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು ಅಳೆಯುವುದು. ನಿಮಗೂ ಅದರಿಂದ ಉಪಯೋಗವಿದೆ. ನಿಮ್ಮ ಪ್ರೊಸೆಸರ್‌ನ 1080ಪಿ ಫಲಿತಾಂಶವನ್ನೂ, ಕೊಳ್ಳಬೇಕೆಂದಿರುವ ಕಾರ್ಡಿನ ವಿಮರ್ಶೆಯಲ್ಲಿ ನಿಮ್ಮ ರೆಸಲ್ಯೂಶನ್ನಿನ ಫಲಿತಾಂಶವನ್ನೂ ಒಂದೇ ಆಟಕ್ಕೆ, ಒಂದೇ ಬಗೆಯ ಸೆಟ್ಟಿಂಗ್‌ಗಳಿಗೆ ಹೋಲಿಸಿ. ಎರಡರಲ್ಲಿ ಚಿಕ್ಕ ಅಂಕಿ ಯಾವುದೋ, ಸುಮಾರಾಗಿ ಅದೇ ನಿಮಗೆ ಸಿಗುವುದು.

ಚಿತ್ರವನ್ನು ಕಡಿಮೆ ಪಿಕ್ಸೆಲ್‌ಗಳಲ್ಲಿ ಬಿಡಿಸಿ ಪರದೆಯ ಅಳತೆಗೆ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಬಳಸುವವರು ಇನ್ನೊಂದು ವಿಷಯ ತಿಳಿದಿರಬೇಕು. 1440ಪಿ ಮಾನಿಟರ್‌ನಲ್ಲಿ ಡಿಎಲ್‌ಎಸ್‌ಎಸ್‌ನ “Quality” ಆಯ್ಕೆ ಹಾಕಿದಾಗ ಆಟ ಒಳಗೆ ಬಿಡಿಸುವುದು ಸುಮಾರು 1707 × 960 ಪಿಕ್ಸೆಲ್‌ಗಳನ್ನು, ಎಂದರೆ 1080ಪಿಗಿಂತಲೂ ಕಡಿಮೆ. ಕಾರ್ಡಿನ ಹೊರೆ ಇಳಿದು ಮಿತಿ ಮತ್ತೆ ಪ್ರೊಸೆಸರ್ ಕಡೆಗೆ ಸರಿಯುತ್ತದೆ. ಪ್ರೊಸೆಸರ್ ಬಾಟಲ್‌ನೆಕ್ ತಪ್ಪಿಸಲು 1440ಪಿ ಮಾನಿಟರ್ ಕೊಂಡು, ಅದರ ಮೇಲೆ ಈ ಆಯ್ಕೆ ಹಾಕಿ, “ಫ್ರೇಮ್ ಏಕೆ ಏರುತ್ತಿಲ್ಲ” ಎಂದು ಕೇಳುವವರು ಇದ್ದಾರೆ.

ನಿಮ್ಮ ವಿಷಯಕ್ಕೆ ಬರುವುದಾದರೆ, ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ 60 ಹರ್ಟ್ಜ್ ಮಾನಿಟರ್‌ನಲ್ಲಿ ಕಥೆಯ ಆಟಗಳನ್ನು ಆಡುವವರಾದರೆ 3600 ಬಹುತೇಕ ಆಟಗಳಲ್ಲಿ ಅಷ್ಟನ್ನು ಕೊಡುತ್ತದೆ. ನೀವು ಕಾರ್ಡ್ ಬದಲಾಯಿಸಿ ನೆಮ್ಮದಿಯಾಗಿರಬಹುದು. 144 ಹರ್ಟ್ಜ್ ಮಾನಿಟರ್‌ನಲ್ಲಿ ಆ ವೇಗ ಪೂರ್ತಿ ಬೇಕೆನ್ನುವವರಾದರೆ ಮೊದಲು ಪ್ರೊಸೆಸರ್‌ನತ್ತ ನೋಡಿ. ನಿಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ ಎಎಂ4 ಸಾಕೆಟ್ ಆದ್ದರಿಂದ, ಮದರ್‌ಬೋರ್ಡ್ ತಯಾರಕರ ಪಟ್ಟಿಯಲ್ಲಿ ಹೆಸರಿದ್ದರೆ, ಬಯಾಸ್ ಅಪ್‌ಡೇಟ್ ಮಾಡಿ ರೈಜನ್ 7 5700ಎಕ್ಸ್3ಡಿಯಂಥದ್ದನ್ನು ಅದೇ ಬೋರ್ಡಿನಲ್ಲಿ ಕೂರಿಸಬಹುದು. 3600ರಲ್ಲಿ ಎಲ್3 ಕ್ಯಾಶ್, ಎಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ, 32 ಎಂಬಿ ಇದ್ದರೆ ಇದರಲ್ಲಿ 96 ಎಂಬಿ ಇದೆ, ಆಟಗಳಿಗೆ ಆ ಹೆಚ್ಚುವರಿ ಕ್ಯಾಶ್ ಬಹಳ ಒಗ್ಗುತ್ತದೆ.

ಯಾವುದಕ್ಕೂ ಹಣ ಎಣಿಸುವ ಮುನ್ನ ಟಾಸ್ಕ್ ಮ್ಯಾನೇಜರ್‌ನಲ್ಲಿ “Memory” ಪುಟ ತೆರೆದು ರ‍್ಯಾಮ್ ಎಷ್ಟು ವೇಗದಲ್ಲಿ ಓಡುತ್ತಿದೆ, ಎಷ್ಟು ಸ್ಲಾಟ್‌ಗಳು ತುಂಬಿವೆ ಎಂದು ನೋಡಿ. ಅಂಗಡಿಯಲ್ಲಿ ಜೋಡಿಸಿಕೊಟ್ಟ ಪಿಸಿಗಳಲ್ಲಿ 16 ಜಿಬಿಯ ಒಂದೇ ಸ್ಟಿಕ್ ಹಾಕಿರುವುದೂ, 3200ರ ರ‍್ಯಾಮ್ 2133ರಲ್ಲೋ 2666ರಲ್ಲೋ ಓಡುತ್ತಿರುವುದೂ ಅಪರೂಪವಲ್ಲ. ಒಂದೇ ಸ್ಟಿಕ್ ಇದ್ದರೂ, ರ‍್ಯಾಮ್ ನಿಧಾನವಾದರೂ ದತ್ತಾಂಶ ತಡವಾಗಿ ತಲುಪುತ್ತದೆ; ಪ್ರೊಸೆಸರ್ ಅದಕ್ಕಾಗಿ ಕಾಯುತ್ತಾ ಕೂತರೆ ಆ ಕಾಯುವ ಹೊತ್ತೂ ಅದರ ಲೆಕ್ಕಕ್ಕೇ ಸೇರುತ್ತದೆ. ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆಯ್ಕೆಯನ್ನು ಬಯಾಸ್‌ನಲ್ಲಿ ಆನ್ ಮಾಡಲು ಖರ್ಚಿಲ್ಲ, ಎರಡನೆಯ ಸ್ಟಿಕ್‌ಗೆ ತಗಲುವ ಹಣ ಸಾಮಾನ್ಯವಾಗಿ ಹೊಸ ಕಾರ್ಡಿನ ಬೆಲೆಗಿಂತ ಕಡಿಮೆ. ಇವೆರಡನ್ನೂ ಮಾಡಿದ ಮೇಲೆ 720ಪಿ ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಿ, ಆಮೇಲೆ ಎಸ್.ಪಿ. ರೋಡಿಗೆ ಹೋಗಿ.